ಕಲೆ ಒಳ್ಳೆಯದಂತೆ!

ಸ್ವಲ್ಪ ಉದ್ದದ ಬರಹ ಇದು, ಪುರುಸೊತ್ತು ಮಾಡ್ಕೊಂಡು ಓದಿ.

ಬಟ್ಟೆ ಸೋಪಿನ ಪುಡಿ ಮಾರೋಕೆ ಹುಟ್ಟಿದ ಮೂರು ಪದದ ಇಂಗ್ಲಿಷ್ ಘೋಷಣೆ ಒಂದಿದೆ: ‘ಡರ್ಟ್ ಈಸ್ ಗುಡ್’. ಯೂನಿಲಿವರ್ ಕಂಪನಿ ಇದನ್ನು ಒಂದೊಂದು ದೇಶದಲ್ಲಿ ಒಂದೊಂದು ಬ್ರ್ಯಾಂಡಿನ ಹೆಸರಲ್ಲಿ ಬಳಸಿದೆ. ಕೆಲವು ಕಡೆ ಓಮೊ, ಕೆಲವು ಕಡೆ ಪರ್ಸಿಲ್, ನಮ್ಮಲ್ಲಿ ಸರ್ಫ್ ಎಕ್ಸೆಲ್. 2005ರಲ್ಲಿ ಹಿಂದಿಯಲ್ಲಿ ಅದು ‘ದಾಗ್ ಅಚ್ಛೇ ಹೈಂ’ ಆಯ್ತು. ಕೆಸರಿಗೆ ಬಿದ್ದ ತಂಗಿ ಅಳ್ತಾಳೆ, ಅಣ್ಣ ಆ ಕೆಸರಿನ ಗುಂಡಿಗೇ ಗುದ್ದಿ ಗುದ್ದಿ ‘ಸಾರಿ’ ಹೇಳಿಸ್ತಾನೆ, ಇಬ್ಬರ ಯೂನಿಫಾರಮ್ಮೂ ಕೆಸರಾಗುತ್ತೆ. ಆ ಜಾಹೀರಾತು ನಿಮಗೆ ನೆನಪಿರಬಹುದು. ನಮ್ಮ ಟಿವಿಗಳಿಗೆ ಅದೇ ಘೋಷಣೆ ‘ಕಲೆ ಒಳ್ಳೆಯದು’ ಅಂತ ಬಂತು.

ಸೋಪಿನ ಪುಡಿ ಬಗ್ಗೆ ನಾನ್ಯಾಕೆ ಬರೀತಿದೀನಿ ಅಂತೀರಾ? ಹೊಳಲ್ಕೆರೆಯಲ್ಲಿ ಪೌರಕಾರ್ಮಿಕರ ಸಭೆಗೆ ಬ್ಯಾನರ್ ಮಾಡಿಸೋ ಮಾತು ನಡೀತಿತ್ತು. ನಮ್ಮ ಗುಂಪಿನಲ್ಲಿರೋ ಹಿರಿಯೂರಿನ ತಮ್ಮನೊಬ್ಬ ವಾಟ್ಸಾಪಿಗೆ ಇಂಗ್ಲಿಷಲ್ಲಿ ಒಂದು ಸಾಲು ಹಾಕಿದ. ‘ಡರ್ಟ್ ಈಸ್ ಗುಡ್’ ಅಂತ ದೊಡ್ಡದಾಗಿ, ಕೆಳಗೆ ‘ಯಾರಿಗೆ?’ ಅಂತ ಪ್ರಶ್ನೆ. ಚೆನ್ನಾಗಿದೆ. “ಇದನ್ನ ಕನ್ನಡ ಮಾಡ್ಕೊಡಿ ಅಣ್ಣ, ಆ ಪನ್ ಹೋಗಬಾರದು” ಅಂದ. ನಾನು ಚಿತ್ರದುರ್ಗದಲ್ಲಿ ಆಫೀಸ್ ಗುಮಾಸ್ತ. ಹಗಲೆಲ್ಲಾ ಇಂಗ್ಲಿಷ್ ಸುತ್ತೋಲೆಯನ್ನ ಕನ್ನಡ ಮಾಡೋದು, ಕನ್ನಡ ಅರ್ಜಿಗೆ ಇಂಗ್ಲಿಷ್ ಟಿಪ್ಪಣಿ ಹಾಕೋದು ನನ್ನ ಕೆಲಸ. ಸುತ್ತೋಲೆಗೆ ಒಂದೇ ಅರ್ಥ ಇರಬೇಕು. ಘೋಷಣೆಗೆ ಎರಡಿರಬೇಕು. ಅಲ್ಲೇ ಇರೋದು ಕಷ್ಟ. ಆ ಮೂರು ಪದ ಕನ್ನಡಕ್ಕೆ ಬರೋವಾಗ ಏನೇನು ಕಳ್ಕೊಂಡ್ವು, ಏನು ಗಳಿಸಿದ್ವು, ನಾವು ಅದನ್ನ ಹೇಗೆ ನಮ್ಮದು ಮಾಡ್ಕೊಂಡ್ವಿ ಅಂತ ಇಲ್ಲಿ ಹೇಳ್ತೀನಿ. ಗೋಡೆ ಬರಹ, ಬ್ಯಾನರ್ ಕೆಲಸ ಮಾಡೋ ಹುಡುಗರಿಗೆ ಉಪಯೋಗ ಆಗಬಹುದು.

ಮೊದಲು ಇಂಗ್ಲಿಷಿನ ಆಟ ಎಲ್ಲಿದೆ ನೋಡೋಣ. ‘ಡರ್ಟ್’ ಅಂದ್ರೆ ಮಣ್ಣೂ ಹೌದು, ಕೊಳೆಯೂ ಹೌದು. ಮಗು ಆಡೋ ಮಣ್ಣು, ಅಂಗಿಗೆ ಅಂಟಿದ ಕೊಳೆ, ಎರಡಕ್ಕೂ ಒಂದೇ ಪದ. ಘೋಷಣೆ ಕೇಳಿದ ತಾಯಿ ಮೊದಲು “ಏನು, ಕೊಳೆ ಒಳ್ಳೇದಾ?” ಅಂತ ಬೆಚ್ಚಿ ಬೀಳ್ತಾಳೆ. ಆಮೇಲೆ “ಓ, ಮಣ್ಣಲ್ಲಿ ಆಡೋದು ಒಳ್ಳೇದು ಅಂತ” ಅಂದ್ಕೊಂಡು ಸಮಾಧಾನ ಆಗ್ತಾಳೆ. ಬೆಚ್ಚಿದ್ದಕ್ಕೂ ಸಮಾಧಾನಕ್ಕೂ ನಡುವೆ ಒಂದು ಕ್ಷಣ ಇದೆಯಲ್ಲ, ಆ ಕ್ಷಣದಲ್ಲಿ ಘೋಷಣೆ ತಲೆಯಲ್ಲಿ ಕೂತುಬಿಡುತ್ತೆ. ಜಾಹೀರಾತಿಗೆ ಬೇಕಾಗಿರೋದು ಅಷ್ಟೇ.

ಈ ಪದಕ್ಕೆ ಇನ್ನೊಂದು ಹಳೇ ಕಥೆ ಇದೆ. ಇಂಗ್ಲಿಷಿಗೆ ‘ಡರ್ಟ್’ ಬಂದಿದ್ದು ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯ ‘ಡ್ರಿಟ್’ ಅನ್ನೋ ಪದದಿಂದ. ಅದರ ಅರ್ಥ ಮಲ. ಸೋಪಿನ ಜಾಹೀರಾತು ನೋಡೋ ಯಾರಿಗೂ ಇದು ನೆನಪಿರಲ್ಲ, ಇರಬೇಕಾಗೂ ಇಲ್ಲ. ಆದರೆ ಪೌರಕಾರ್ಮಿಕರ ಬ್ಯಾನರ್ ಬರೆಯೋಕೆ ಕೂತ ನಮಗೆ ಇದು ಗೊತ್ತಿರಲಿ. ಮುಂದೆ ಕೆಲಸಕ್ಕೆ ಬರುತ್ತೆ.

ಹಿಂದಿಗೆ ಹೋದಾಗ ಏನಾಯ್ತು? ಹಿಂದಿಯಲ್ಲಿ ಮಣ್ಣಿಗೆ ಒಂದು ಪದ, ಕೊಳೆಗೆ ಇನ್ನೊಂದು. ಎರಡನ್ನೂ ಹೊರೋ ಒಂದೇ ಪದ ಸಿಗಲ್ಲ. ಹಾಗಾಗಿ ‘ದಾಗ್’ ತಗೊಂಡ್ರು. ಅದು ಕೊಳೆಯಲ್ಲ, ಕೊಳೆ ಬಿಟ್ಟುಹೋದ ಗುರುತು. ಆದರೆ ‘ದಾಗ್’ಗೂ ಒಂದು ಎರಡನೇ ಅರ್ಥ ಇದೆ: ಮಾನಕ್ಕೆ ಅಂಟಿದ ಕಳಂಕ. “ಖಾಂದಾನ್ ಪರ್ ದಾಗ್” ಅಂತ ಸಿನಿಮಾಗಳಲ್ಲಿ ಅಪ್ಪಂದಿರು ಕೂಗಾಡ್ತಾರಲ್ಲ, ಅದೇ ದಾಗ್. ಕಳಂಕ ಕೆಟ್ಟದ್ದು ಅಂತ ಎಲ್ಲರಿಗೂ ಗೊತ್ತು. ತಂಗಿಗಾಗಿ ಕೆಸರಿಗೆ ಗುದ್ದಿದ ಹುಡುಗನ ಅಂಗಿಯ ಕಳಂಕ ಒಳ್ಳೆಯದು ಅಂದಾಗ ಹೊಸ ಬೆಚ್ಚುವಿಕೆ ಹುಟ್ತು. ಗಮನಿಸಿ, ಇಂಗ್ಲಿಷಿನ ಆಟವನ್ನ ಅವರು ಉಳಿಸ್ಕೊಳ್ಳಲಿಲ್ಲ. ಆಟ ಆಡೋ ಜಾಗವನ್ನ ಉಳಿಸ್ಕೊಂಡು ಬೇರೆ ಆಟ ಆಡಿದ್ರು. ಘೋಷಣೆ ಅನುವಾದದ ಗುಟ್ಟು ಇಷ್ಟೇ. ಒಂದು ಭಾಷೆಯ ಪದದ ಒಳಗಿರೋ ಎರಡು ಅರ್ಥ ಇನ್ನೊಂದು ಭಾಷೆಯಲ್ಲಿ ಒಂದೇ ಪದದ ಒಳಗೆ ಸಿಗೋದು ಅಪರೂಪ. ಒಂದು ಅರ್ಥ ಇಟ್ಕೊಂಡು, ಎರಡನೆಯದನ್ನ ಹೊಸದಾಗಿ ಹುಡುಕಬೇಕು.

ಈಗ ಕನ್ನಡ. ಆ ಕುರ್ಚಿಯಲ್ಲಿ ನೀವು ಕೂತಿದೀರಿ ಅಂದ್ಕೊಳ್ಳಿ. ನಿಮ್ಮ ಮುಂದೆ ಒಂದಷ್ಟು ಪದ ಇವೆ.

‘ಮಣ್ಣು ಒಳ್ಳೆಯದು’. ಇದರಲ್ಲಿ ಬೆಚ್ಚೋಕೆ ಏನೂ ಇಲ್ಲ. ನಮ್ಮ ಹೊಸದುರ್ಗದ ರೈತ “ಹೌದು, ಎರೆ ಮಣ್ಣು ಒಳ್ಳೇದು, ಕಡ್ಲೆ ಬೆಳೀತದೆ” ಅಂತ ಹೇಳಿ ಹೋಗ್ತಾನೆ. ಸೋಪಿನ ಪುಡಿ ಖರ್ಚಾಗಲ್ಲ.

‘ಕೊಳೆ ಒಳ್ಳೆಯದು’. ಅರ್ಥಕ್ಕೆ ಇದೇ ಹತ್ತಿರ. ಆದರೆ ಬಾಯಲ್ಲಿ ಹೇಳಿ ನೋಡಿ. ಟಿವಿ ಹಾಲ್‌ನಲ್ಲಿದೆ, ನೀವು ಅಡುಗೆಮನೆಯಲ್ಲಿದೀರಿ, ಒಗ್ಗರಣೆ ಸದ್ದು. ‘ಕೊಲೆ ಒಳ್ಳೆಯದು’ ಅಂತ ಕೇಳಿಸಿಬಿಟ್ರೆ? ಳ ಮತ್ತು ಲ ನಡುವೆ ನಾಲಿಗೆ ಮಡಚೋದು ಬಿಡೋದು ಅಷ್ಟೇ ವ್ಯತ್ಯಾಸ. ಮಕ್ಕಳ ಬಟ್ಟೆಯ ಜಾಹೀರಾತಿಗೆ ಈ ಅಪಾಯ ಯಾರೂ ತಗೊಳ್ಳಲ್ಲ. ಈ ಜೋಡಿ ನೆನಪಿಟ್ಕೊಳ್ಳಿ, ಮತ್ತೆ ಬರ್ತೀನಿ.

‘ಗಲೀಜು’, ‘ಹೊಲಸು’. ಇವು ಬೈಗುಳದ ವಾಸನೆ ಇರೋ ಪದಗಳು. ಕೇಳಿದವರ ಮುಖ ಸಿಂಡರಿಸುತ್ತೆ, ಸಿಂಡರಿಸಿದ ಮುಖ ಮತ್ತೆ ನಗಲ್ಲ. ‘ಹೊಲಸು’ ಅನ್ನೋದನ್ನ ನಮ್ಮ ಕೇರಿಯ ಕಡೆ ಬೆರಳು ತೋರಿಸಿ ಎಷ್ಟು ತಲೆಮಾರು ಹೇಳಿದಾರೆ ಅನ್ನೋದು ಓದುವವರಿಗೆ ವಿವರಿಸಬೇಕಿಲ್ಲ.

ಇನ್ನೊಂದು ಪದ ಇತ್ತು. ‘ಮೈಲಿಗೆ’. ಇದನ್ನ ಸ್ವಲ್ಪ ನಿಧಾನವಾಗಿ ನೋಡೋಣ. ಹಳ್ಳಿ ಕನ್ನಡದಲ್ಲಿ ‘ಮೈಲಿಗೆ ಬಟ್ಟೆ’ ಅಂದ್ರೆ ಉಟ್ಟು ಬಿಚ್ಚಿದ, ಒಗೆಯೋಕೆ ಹಾಕಬೇಕಾದ ಬಟ್ಟೆ. ಒಗೆದದ್ದು ‘ಮಡಿ’. ಬಟ್ಟೆ ಒಗೆಯುವವರಿಗೆ ಮಡಿವಾಳರು ಅನ್ನೋ ಹೆಸರಲ್ಲೇ ಈ ಮಡಿ ಇದೆ. ಹಾಗೇ ಮೈಲಿಗೆ ಅಂದ್ರೆ ಮುಟ್ಟಿಸಿಕೊಂಡರೆ ಅಂಟೋದು ಅಂತಾನೂ ಅರ್ಥ. ನಮ್ಮನ್ನ ಬಾವಿಯಿಂದ, ಗುಡಿಯಿಂದ, ಹೋಟೆಲಿನ ಲೋಟದಿಂದ ದೂರ ಇಟ್ಟ ಪದ ಇದೇ. ಅಂದ್ರೆ ಬಟ್ಟೆಯ ಕೊಳೆ ಮತ್ತು ಸಮಾಜದ ಕೊಳಕು, ಎರಡನ್ನೂ ಒಂದೇ ಪದದಲ್ಲಿ ಹೊತ್ತಿರೋ ಪದ ಕನ್ನಡದಲ್ಲಿ ಸಿದ್ಧವಾಗಿ ಕೂತಿತ್ತು! ‘ಮೈಲಿಗೆ ಒಳ್ಳೆಯದು’. ಪನ್ ಲೆಕ್ಕದಲ್ಲಿ ನೋಡಿದ್ರೆ ಇಂಗ್ಲಿಷಿಗಿಂತ ಗಟ್ಟಿ. ಬೆಚ್ಚೋದಂತೂ ಗ್ಯಾರಂಟಿ. ಆದರೆ ಈ ಘೋಷಣೆ ಇಟ್ಕೊಂಡು ಸೋಪ್ ಮಾರೋಕಾಗಲ್ಲ. ಮಡಿ ಮಾಡ್ಕೊಳ್ಳೋ ಮನೆಯವರೇ ದೊಡ್ಡ ಗಿರಾಕಿಗಳು. ಇದು ಸೋಪಿನ ಘೋಷಣೆ ಅಲ್ಲ, ಚಳವಳಿಯ ಘೋಷಣೆ ಆಗಿಬಿಡುತ್ತೆ.

ಇಲ್ಲೊಂದು ಮುಖ್ಯ ಮಾತಿದೆ. ಪನ್ ಉಳಿಸೋದು ಅಂದ್ರೆ ಬರೀ ಭಾಷೆಯ ಚಮತ್ಕಾರ ಅಲ್ಲ. ಎರಡನೇ ಅರ್ಥ ಯಾವುದನ್ನ ತಗೋತೀರಿ ಅನ್ನೋದರಲ್ಲೇ ನೀವು ಯಾರ ಜೊತೆ ಮಾತಾಡ್ತಿದೀರಿ, ಯಾರನ್ನ ಬಿಟ್ಟಿದೀರಿ ಅನ್ನೋದು ತೀರ್ಮಾನ ಆಗಿರುತ್ತೆ.

ಕಂಪನಿ ಘೋಷಣೆಗೆ ಬಂದ ಪದ ‘ಕಲೆ’. ಕೆಲಸ ಅಂತ ನೋಡಿದ್ರೆ ಅದು ಒಳ್ಳೇ ಆಯ್ಕೆ, ಒಪ್ಪಬೇಕು. ಕಲೆ ಅಂದ್ರೆ ಬಟ್ಟೆಯ ಗುರುತು, ಗಾಯ ಬಿಟ್ಟುಹೋದ ಗುರುತು. ಕಲೆ ಅಂದ್ರೆ ಚಿತ್ರಕಲೆ, ಜನಪದ ಕಲೆಯ ಕಲೆಯೂ ಹೌದು. ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಇಲ್ಲದ ಅರ್ಥ ಇದು, ಕನ್ನಡದಲ್ಲೇ ಹುಟ್ಟಿದ್ದು. ಆ ವಾಕ್ಯವನ್ನ ಶಾಲೆಯ ಡ್ರಾಯಿಂಗ್ ಕ್ಲಾಸಿನ ಗೋಡೆ ಮೇಲೆ ಬರೆದ್ರೆ ಯಾರಿಗೂ ಸೋಪ್ ನೆನಪಾಗಲ್ಲ. ಮಗು ಅಂಗಿ ಮೇಲೆ ಬಣ್ಣ ಚೆಲ್ಲಿಕೊಂಡಾಗ ಹೇಳಿದ್ರೆ ಎರಡೂ ಅರ್ಥ ಒಟ್ಟಿಗೆ ಬರ್ತವೆ. ಕಿವಿಗೂ ಚೆನ್ನಾಗಿದೆ: ಕಲೆಯ ‘ಲೆ’, ಒಳ್ಳೆಯ ‘ಳ್ಳೆ’ ಒಂದಕ್ಕೊಂದು ತಾಗ್ತವೆ. ವ್ಯಾಕರಣದ ಪ್ರಕಾರ ಸಂಧಿ ಮಾಡಿ ‘ಕಲೆಯೊಳ್ಳೆಯದು’ ಅಂದಿದ್ರೆ ಸತ್ತೇ ಹೋಗ್ತಿತ್ತು. ಎರಡು ಪದ ಬಿಡಿಬಿಡಿಯಾಗಿ ನಿಂತಿರೋದಕ್ಕೇ ಅದು ಘೋಷಣೆ.

ಆದರೆ ಇದರ ಮಿತಿ ನೋಡಿ. ‘ಡರ್ಟ್’ನಲ್ಲಿ ಇದ್ದ ಮಣ್ಣು ಹೋಯ್ತು. ‘ದಾಗ್’ನಲ್ಲಿ ಇದ್ದ ಕಳಂಕ ಹೋಯ್ತು. ಉಳಿದದ್ದು ಸುಂದರವಾದ ಒಂದು ಎರಡನೇ ಅರ್ಥ. ಅದು ಯಾರನ್ನೂ ಚುಚ್ಚಲ್ಲ. ಸೋಪಿಗೆ ಅಷ್ಟು ಸಾಕು. ಒಂದು ಒಗೆತಕ್ಕೆ ಹೋಗೋ ಕಲೆ ಮಾತ್ರ ಒಳ್ಳೆಯದು, ಒಗೆಯೋಕೆ ಮನೆಯಲ್ಲಿ ನೀರು, ಪುಡಿ, ಅಮ್ಮ ಇದ್ದಾಗ ಮಾತ್ರ ಒಳ್ಳೆಯದು. ಬೆಳಗಿನ ಜಾವ ಕಸದ ಗಾಡಿ ತಳ್ಳೋ ಅಮ್ಮನ ಸೀರೆಯ ಕಲೆ ಆ ಲೆಕ್ಕದಲ್ಲಿ ಇಲ್ಲ.

ಹಿರಿಯೂರಿನ ತಮ್ಮನ ‘ಯಾರಿಗೆ?’ ಅನ್ನೋ ಪ್ರಶ್ನೆ ಇಲ್ಲಿಂದಾನೇ ಹುಟ್ಟಿದ್ದು. ಆದರೆ ಅದನ್ನ ‘ಕಲೆ ಒಳ್ಳೆಯದು. ಯಾರಿಗೆ?’ ಅಂತ ಕನ್ನಡ ಮಾಡಿದ್ರೆ ಏನಾಗುತ್ತೆ? ನಮ್ಮ ಗುಂಪಿನಲ್ಲೇ ಒಬ್ಬರು “ಕಲಾವಿದರ ಮಾಸಾಶನದ ಬಗ್ಗೆನಾ?” ಅಂತ ಕೇಳಿದ್ರು. ಎರಡನೇ ಅರ್ಥ ತಪ್ಪು ದಾರಿಗೆ ಎಳೀತಿತ್ತು. ಹಾಗಾಗಿ ಮೊದಲಿಂದ ಶುರು ಮಾಡಿದ್ವಿ.

ಮೊದಲ ಹೆಜ್ಜೆ, ಆಟ ಎಲ್ಲ ಬಿಟ್ಟು ಹೇಳಬೇಕಾದ್ದನ್ನ ಸಪ್ಪೆಯಾಗಿ ಒಂದು ವಾಕ್ಯದಲ್ಲಿ ಬರೆದುಕೊಳ್ಳೋದು. ನಾವು ಬರೆದದ್ದು: “ಮನುಷ್ಯರನ್ನು ಮಲದ ಗುಂಡಿಗೆ, ಮ್ಯಾನ್‌ಹೋಲಿಗೆ ಇಳಿಸಬೇಡಿ. ಇಳಿಸಿ ಅವರು ಸತ್ತರೆ ಅದು ಆಕಸ್ಮಿಕ ಅಲ್ಲ.” ಈ ವಾಕ್ಯ ಇಲ್ಲದೆ ಪನ್ ಹುಡುಕೋಕೆ ಹೋದ್ರೆ, ಚಂದದ ಪದ ಸಿಕ್ಕಿದ ಕಡೆಗೆ ವಿಷಯವೇ ಜಾರಿಬಿಡುತ್ತೆ.

ಎರಡನೇ ಹೆಜ್ಜೆ, ವಾಕ್ಯದ ಎರಡು ತುದಿಗೂ ಪದಗಳ ಪಟ್ಟಿ ಮಾಡೋದು. ಒಂದು ಕಡೆ ಕೊಳೆ, ಕೊಚ್ಚೆ, ಮಲ, ಗುಂಡಿ, ಚರಂಡಿ, ಕಲೆ. ಇನ್ನೊಂದು ಕಡೆ ಸಾವು, ಕೊಲೆ, ಬಲಿ, ಹೆಣ, ಶವ. ಪಟ್ಟಿ ಬರೆದು ಜೋರಾಗಿ ಓದಬೇಕು, ಕಣ್ಣಲ್ಲಿ ಓದಿದ್ರೆ ಸಾಲದು. ಎರಡೂ ಕಡೆಯ ಪದ ಎಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೀತವೆ ಅಂತ ಕಿವಿಯೇ ಹೇಳುತ್ತೆ. ನಮ್ಮ ಪಟ್ಟಿಯಲ್ಲಿ ಡಿಕ್ಕಿ ಹೊಡೆದದ್ದು ಒಂದೇ ಜೋಡಿ: ಕೊಳೆ, ಕೊಲೆ. ಸೋಪಿನ ಜಾಹೀರಾತಿಗೆ ಯಾವುದು ಅಪಾಯವೋ ಅದೇ ನಮಗೆ ಬೇಕಾಗಿದ್ದ ಕೀಲು. ಹೈವೇಯಲ್ಲಿ ‘ನಿಧಾನ’ದ ದೀರ್ಘ ತೆಗೆದರೆ ‘ನಿಧನ’ ಆಗೋ ಹಾಗೆ, ಇಲ್ಲಿ ಒಂದಕ್ಷರ ಬದಲಾದ್ರೆ ಕೊಳೆ ಕೊಲೆ ಆಗುತ್ತೆ.

ಇದು ನಾವು ಹುಟ್ಟಿಸಿದ ವಿಚಾರ ಅಲ್ಲ. ಸಫಾಯಿ ಕರ್ಮಚಾರಿ ಆಂದೋಲನ 2022ರಲ್ಲಿ ‘ನಮ್ಮನ್ನು ಕೊಲ್ಲುವುದನ್ನು ನಿಲ್ಲಿಸಿ’ ಅಂತ ದೇಶದ ತುಂಬ ಅಭಿಯಾನ ಮಾಡ್ತು. ಅದರ ಮುಂದಾಳು, ನಮ್ಮ ಕೆಜಿಎಫ್‌ನಲ್ಲೇ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ಅವರು ಗುಂಡಿಯ ಸಾವುಗಳನ್ನ ಕೊಲೆ ಅಂತಲೇ ಕರೀತಾ ಬಂದವರು. ಇಂಗ್ಲಿಷಿನಲ್ಲಿ ಅದು ನೇರ ಮಾತು, ಅದರಲ್ಲಿ ಪದದಾಟ ಇಲ್ಲ. ಕನ್ನಡ ಮಾತ್ರ ಕೊಳೆಯನ್ನೂ ಕೊಲೆಯನ್ನೂ ಅಕ್ಕಪಕ್ಕ ಇಟ್ಕೊಂಡು ಕಾಯ್ತಿತ್ತು.

ಮೂರನೇ ಹೆಜ್ಜೆ, ಸಾಲು ಕಟ್ಟೋದು. ಮೊದಲು ಬಂದದ್ದು ‘ಕೊಳೆ ಅಲ್ಲ, ಕೊಲೆ’. ಚಿಕ್ಕದಾಗಿದೆ, ಆದರೆ ಜಾಹೀರಾತಿನ ನೆನಪು ಅದರಲ್ಲಿ ಇಲ್ಲ. ಯಾರಿಗೆ ತಿರುಗೇಟು ಕೊಡ್ತಿದೀವಿ ಅನ್ನೋದೇ ಗೊತ್ತಾಗಲ್ಲ. ಎರಡನೆಯದು ‘ಕಲೆ ಒಳ್ಳೆಯದು, ಕೊಳೆ ಕೊಲೆ’. ಪ್ರಾಸ ಇದೆ, ಅರ್ಥ ಇಲ್ಲ. ಕೊಳೆ ಹೇಗಪ್ಪಾ ಕೊಲೆ ಆಗುತ್ತೆ? ಕೊಲೆ ಅಂದ್ರೆ ಮಾಡಿದವರೊಬ್ಬರು ಇರಬೇಕು. ನಮ್ಮ ಸಾಲಿನಲ್ಲಿ ಕೊಲ್ಲೋನೇ ಕಾಣೆಯಾಗಿದ್ದ. ಪ್ರಾಸದ ಹಿಂದೆ ಹೋದಾಗ ಆಗೋ ಅನಾಹುತ ಇದೇ. ಕೇಳೋಕೆ ಚಂದ, ಆದರೆ ಹೊಣೆ ಹೊರಬೇಕಾದವರು ಮೆತ್ತಗೆ ಜಾರ್ಕೊಂಡಿರ್ತಾರೆ.

ಆಗ ಹೊಳೆದದ್ದು ‘ಇಳಿಸು’ ಅನ್ನೋ ಕ್ರಿಯಾಪದ. ಇಳಿಯೋದು ಅಂದ್ರೆ ಇಳಿದವನದೇ ಇಷ್ಟ ಅನ್ನೋ ಹಾಗೆ ಕೇಳುತ್ತೆ. ಇಳಿಸೋದು ಅಂದ ಕೂಡಲೇ ಇಳಿಸಿದವರೊಬ್ಬರು ಬಂದು ನಿಲ್ತಾರೆ. ಕನ್ನಡದಲ್ಲಿ ಒಂದು ‘ಸು’ ಸೇರಿಸಿದ್ರೆ ಹೊಣೆ ಬೇರೆಯವರ ಹೆಗಲಿಗೆ ಹೋಗುತ್ತೆ. ಕೊನೆಗೆ ನಿಂತ ಸಾಲು ಇದು:

ಕಲೆ ಒಳ್ಳೆಯದಂತೆ!
ಕೊಳೆಗೆ ಇಳಿಸುವುದು ಕೊಲೆ.

ಮೊದಲ ಸಾಲಿನ ‘ಅಂತೆ’ ನೋಡಿ. ‘ಹಾಗಂತ ಅವರು ಹೇಳ್ತಾರೆ, ನಮಗೆ ಗೊತ್ತಿಲ್ಲಪ್ಪ’ ಅನ್ನೋದಷ್ಟನ್ನೂ ಕನ್ನಡ ಒಂದು ಬಾಲದಲ್ಲಿ ಹೇಳುತ್ತೆ. ಹಿರಿಯೂರಿನ ತಮ್ಮನ ಇಂಗ್ಲಿಷಿನಲ್ಲಿದ್ದ ‘ಯಾರಿಗೆ?’ ಅನ್ನೋ ವ್ಯಂಗ್ಯ ಪೂರ್ತಿಯಾಗಿ ಈ ‘ಅಂತೆ’ಯೊಳಗೆ ಬಂದು ಕೂತಿತು, ಆ ಪ್ರಶ್ನೆಯನ್ನ ಬೇರೆ ಬರೆಯೋ ಅಗತ್ಯವೇ ಬೀಳಲಿಲ್ಲ. ಎರಡನೇ ಸಾಲಿನಲ್ಲಿ ‘ಅಂತೆ’ ಇಲ್ಲ. ಅದು ಕೇಳಿದ ಮಾತಲ್ಲ, ನಾವು ಹೇಳ್ತಿರೋ ಮಾತು. ‘ಡರ್ಟ್’ನ ಆ ಹಳೇ ಅರ್ಥ, ಸೋಪಿನ ಡಬ್ಬಿ ಮರೆತ ಅರ್ಥ, ‘ಕೊಳೆಗೆ ಇಳಿಸುವುದು’ ಅನ್ನೋದರಲ್ಲಿ ವಾಪಸ್ ಬಂತು.

ನಾಲ್ಕನೇ ಹೆಜ್ಜೆ ಪರೀಕ್ಷೆ. ಬರೆದವರೇ ಪಾಸು ಮಾಡ್ಕೊಂಡ್ರೆ ಅದು ಪರೀಕ್ಷೆ ಅಲ್ಲ. ಹೊಸದುರ್ಗದಲ್ಲಿ ಕೆಲಸ ಮುಗಿಸಿ ಟೀ ಕುಡೀತಿದ್ದ ಪೌರಕಾರ್ಮಿಕ ಅಕ್ಕನೊಬ್ಬರಿಗೆ ಓದಿ ಹೇಳಿದ್ವಿ. ಅವರಿಗೆ ಓದೋಕೆ ಬರಲ್ಲ. ಅದಕ್ಕೇ ಅವರಿಗೆ ಮೊದಲು ಕೇಳಿಸಿದ್ದು, ಯಾಕಂದ್ರೆ ಓದುವವರ ಕಣ್ಣು ಕಿವಿಯ ತಪ್ಪನ್ನ ಮುಚ್ಚಿಹಾಕುತ್ತೆ. ಎರಡು ಸಲ ಕೇಳಿ, “ಎಲ್ಡೂ ಒಂದೇ ಅಲ್ಲೇನಪ್ಪ” ಅಂದ್ರು. ಯಾವ ಎರಡು ಅಕ್ಕ, ಅಂತ ಕೇಳಿದೆ. “ಕೊಳೆ, ಕೊಲೆ. ನಮ್ಗೆ ಎಲ್ಡೂ ಒಂದೇ.” ಪನ್ ಅಂದ್ರೇನು ಅಂತ ಅವರಿಗೆ ಯಾರೂ ವಿವರಿಸಿರಲಿಲ್ಲ. ಪದದಾಟ ಕೆಲಸ ಮಾಡ್ತಿದೆಯಾ ಅಂತ ತಿಳಿಯೋಕೆ ಇದಕ್ಕಿಂತ ಬೇರೆ ಗುರುತು ಬೇಡ. ಕೇಳಿದವರು ಅದನ್ನ ತಾವೇ ಬಿಡಿಸಿ ನಿಮಗೆ ವಾಪಸ್ ಹೇಳಬೇಕು. “ಅಂದ್ರೆ ಏನು?” ಅಂತ ಕೇಳಿದ್ರೆ ಸಾಲು ಬಿದ್ದ ಹಾಗೆ. ವಿವರಿಸಬೇಕಾದ ಪನ್ ಸತ್ತ ಪನ್.

ಹೊಳಲ್ಕೆರೆಯ ಹಿರಿಯರೊಬ್ಬರು ಬೇರೆ ತಕರಾರು ತೆಗೆದ್ರು. “ಸಾವಿನ ವಿಷಯದಲ್ಲಿ ಪದ ಇಟ್ಕೊಂಡು ಆಟ ಆಡೋದೇನ್ರಪ್ಪ? ಸತ್ತವರ ಮನೆಯವರು ಓದ್ತಾರೆ” ಅಂದ್ರು. ಈ ಮಾತಿಗೆ ತೂಕ ಇದೆ. ಸೋಪಿನ ಪನ್ ನಗಿಸೋಕೆ ಇರೋದು. ನಗು ಬಂತೋ ಅದರ ಕೆಲಸ ಮುಗೀತು. ನಮ್ಮ ಸಾಲು ನಗಿಸಿದ್ರೆ ಅದನ್ನ ಅಲ್ಲೇ ಹರಿದು ಹಾಕಬೇಕು. ಹಾಗಾಗಿ ನಾಲ್ಕಾರು ಜನರ ಎದುರು ಓದಿ ಮುಖ ನೋಡಿದ್ವಿ. ಮೊದಲ ಸಾಲಿಗೆ ತುಟಿಯಂಚಲ್ಲಿ ನಗು ಬರುತ್ತೆ, ಜಾಹೀರಾತು ನೆನಪಾಗಿ. ಎರಡನೇ ಸಾಲಿಗೆ ಆ ನಗು ನಿಂತುಹೋಗುತ್ತೆ. ಹಾಗೆ ನಿಂತ ನಗು ನೋಡಿದ ಮೇಲೆ ಆ ಹಿರಿಯರೂ “ಆಗ್ಲಿ, ಹಾಕ್ರಿ” ಅಂದ್ರು.

ಅವರೇ ಇನ್ನೊಂದು ಎಚ್ಚರಿಕೆ ಹೇಳಿದ್ರು: ಪದದ ಎರಡನೇ ಅರ್ಥ ನಾವು ಹೇಳಿದ ಹಾಗೆ ಕೇಳಲ್ಲ. 1973ರಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ‘ಬೂಸಾ’ ಅಂದ್ರು. ದನಕ್ಕೆ ಹಾಕೋ ಮೇವಿನ ಪದ. ಅದಕ್ಕೆ ಹೊತ್ತಿಕೊಂಡ ಬೆಂಕಿಯಲ್ಲಿ ಅವರ ಮಂತ್ರಿಗಿರಿ ಹೋಯ್ತು, ನಮ್ಮ ಹುಡುಗರು ಏಟು ತಿಂದ್ರು. ತಲೆ ಮೇಲೆ ಮಲ ಹೊರಿಸೋ ಪದ್ಧತಿಯನ್ನ ಈ ರಾಜ್ಯದಲ್ಲಿ ನಿಷೇಧ ಮಾಡಿಸಿದ ಮಂತ್ರಿಯೂ ಅವರೇ. ಆ ಕೆಲಸ ಎಷ್ಟು ಜನಕ್ಕೆ ನೆನಪಿದೆಯೋ, ಆ ಒಂದು ಪದ ಮಾತ್ರ ಎಲ್ಲರಿಗೂ ನೆನಪಿದೆ.

ಅದಕ್ಕೇ ನಮ್ಮ ಬ್ಯಾನರಿನಲ್ಲಿ ಪನ್ ಒಂದನ್ನೇ ಬಿಡಲಿಲ್ಲ. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಆಟ ಇಲ್ಲದ ಸಾಲು ಹಾಕಿದ್ವಿ: ಮಲ ಹೊರುವವರ ನೇಮಕ ನಿಷೇಧ ಮತ್ತು ಪುನರ್ವಸತಿ ಕಾಯ್ದೆ 2013, ಸೆಕ್ಷನ್ 7ರ ಪ್ರಕಾರ ಗುಂಡಿ, ಚರಂಡಿಯ ಅಪಾಯಕಾರಿ ಶುಚಿ ಕೆಲಸಕ್ಕೆ ಜನರನ್ನು ಹಚ್ಚುವುದು ಅಪರಾಧ, ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 20ರಂದು ಹೇಳಿದ್ದನ್ನೂ ಸೇರಿಸಿದ್ವಿ. ಮೇಲಿನ ಸಾಲು ದಾರಿಯಲ್ಲಿ ಹೋಗೋರನ್ನ ನಿಲ್ಲಿಸುತ್ತೆ. ನಿಂತವರಿಗೆ ಹೇಳಬೇಕಾದ್ದನ್ನ ಕೆಳಗಿನ ಸಾಲು ಹೇಳುತ್ತೆ. ‘ಕೊಲೆ’ ಅಂತ ಬರೆದಾಗ ಯಾವ ಅಧಿಕಾರಿಯ, ಯಾವ ಗುತ್ತಿಗೆದಾರನ ಹೆಸರೂ ಹಾಕಲಿಲ್ಲ. ಕೃತ್ಯವನ್ನ ಹೆಸರಿಸಿದ್ವಿ, ವ್ಯಕ್ತಿಯನ್ನಲ್ಲ. ವ್ಯಕ್ತಿಯ ವಿಷಯ ಬಂದಾಗ ದೂರು ಕೊಡಬೇಕು, ಬ್ಯಾನರ್ ಕಟ್ಟಬಾರದು.

ಕೊನೆಯ ಹೆಜ್ಜೆ ಪ್ರಿಂಟ್ ಅಂಗಡಿ. ಇದನ್ನ ಹಗುರವಾಗಿ ತಗೋಬೇಡಿ. ನುಡಿ ಕೀಲಿಮಣೆಯಲ್ಲಿ ಕೊಲೆ ಅಂದ್ರೆ `kole`, ಕೊಳೆ ಅಂದ್ರೆ `koLe`. ಶಿಫ್ಟ್ ಕೀ ಒಂದೇ ವ್ಯತ್ಯಾಸ. ಅವಸರದಲ್ಲಿ ಶಿಫ್ಟ್ ತಪ್ಪಿದ್ರೆ ಬ್ಯಾನರ್ ಮೇಲೆ ‘ಕೊಲೆಗೆ ಇಳಿಸುವುದು ಕೊಲೆ’ ಅಂತ ಬರುತ್ತೆ, ಇಲ್ಲಾಂದ್ರೆ ‘ಕೊಳೆಗೆ ಇಳಿಸುವುದು ಕೊಳೆ’. ಎರಡೂ ಓದೋಕೆ ಸರಿಯಾದ ಕನ್ನಡವೇ, ಹಾಗಾಗಿ ಟೈಪ್ ಮಾಡಿದವನಿಗೆ ತಪ್ಪು ಅಂತ ಅನಿಸೋದೂ ಇಲ್ಲ. ನಾನು ಅಂಗಡಿಯವನ ಪಕ್ಕದಲ್ಲೇ ನಿಂತು, ಪರದೆ ಮೇಲೆ ಎರಡು ಪದ ಜೋರಾಗಿ ಓದಿಸಿ, ಆಮೇಲೆ ಪ್ರಿಂಟಿಗೆ ಕೊಟ್ಟೆ. ಇನ್ನೊಂದು ಉಪಾಯವನ್ನೂ ಮಾಡಿದ್ವಿ: ಕೊಳೆಯ ‘ಳ’ಕ್ಕೂ ಕೊಲೆಯ ‘ಲ’ಕ್ಕೂ ಕೆಂಪು ಬಣ್ಣ, ಉಳಿದದ್ದೆಲ್ಲ ನೀಲಿ. ದೂರದಿಂದ ನೋಡಿದವರ ಕಣ್ಣು ನೇರ ಆ ಎರಡು ಅಕ್ಷರಕ್ಕೇ ಹೋಗುತ್ತೆ. ವೇದಿಕೆ ಮೇಲೆ ಘೋಷಣೆ ಕೂಗುವವರಿಗೂ ಹೇಳಿದ್ವಿ, ‘ಕೊಳೆಗೆ’ ಆದಮೇಲೆ ಒಂದು ಉಸಿರು ನಿಲ್ಲಿಸಿ ಅಂತ. ಹರಕಲು ಮೈಕಿನಲ್ಲಿ ಒಂದೇ ಓಟಕ್ಕೆ ಕೂಗಿದ್ರೆ ಳ ಯಾವುದು ಲ ಯಾವುದು ಅಂತ ದೇವರಿಗೂ ಗೊತ್ತಾಗಲ್ಲ.

ಈ ಸಾಲಿಗೂ ಒಂದು ಗಡಿ ಇದೆ. ಅದು ಅಕ್ಷರಶಃ ನಮ್ಮ ಜಿಲ್ಲೆಯ ಗಡಿ. ಹಿರಿಯೂರು ತಾಲ್ಲೂಕಿನ ಆಂಧ್ರದ ಕಡೆಯ ಊರುಗಳಲ್ಲಿ ಮನೆಮಾತು ತೆಲುಗು ಇರೋ ನಮ್ಮವರು ಬಹಳ ಜನ ಇದಾರೆ. ತೆಲುಗಿನಲ್ಲಿ ಆ ಸೋಪಿನ ಘೋಷಣೆ ‘ಮರಕ ಮಂಚಿದೇ’. ಮರಕ ಅಂದ್ರೆ ಕಲೆ, ಆದರೆ ಚಿತ್ರಕಲೆಯ ಕಲೆ ಅದರಲ್ಲಿ ಇಲ್ಲ. ನಮ್ಮ ಕೊಳೆ-ಕೊಲೆ ಜೋಡಿಯೂ ಅಲ್ಲಿ ಸಿಗಲ್ಲ. ನಮ್ಮ ಸಾಲನ್ನ ಪದಕ್ಕೆ ಪದ ತೆಲುಗು ಮಾಡಿದ್ರೆ ಅರ್ಥ ಹೋಗುತ್ತೆ, ಏಟು ಹೋಗಲ್ಲ. ಇಂಗ್ಲಿಷ್ ಸಾಲನ್ನ ನಾವು ಹೇಗೆ ಬಿಚ್ಚಿ ಕಟ್ಟಿದ್ವೋ, ಹಾಗೇ ತೆಲುಗು ಬಲ್ಲವರು ಮೊದಲ ಹೆಜ್ಜೆಯಿಂದ ಶುರು ಮಾಡಬೇಕು: ಸಪ್ಪೆ ವಾಕ್ಯ, ಎರಡು ಪಟ್ಟಿ, ಜೋರಾಗಿ ಓದು.

ಆ ಭಾಗದ ಗೆಳೆಯರು ಈ ಪೋಸ್ಟ್ ಓದ್ತಿದ್ರೆ, ನಿಮ್ಮ ಎರಡು ಪಟ್ಟಿ ಮಾಡಿ ಕಳಿಸಿ. ಸಾಲು ಹೊಳೀದಿದ್ರೂ ಪರವಾಗಿಲ್ಲ, ಬರೀ ಪದಗಳನ್ನ ಕಳಿಸಿ, ಕೂತು ಕಟ್ಟೋಣ. ಕನ್ನಡದಲ್ಲೇ ಇದಕ್ಕಿಂತ ಹರಿತವಾದದ್ದು ಯಾರಿಗಾದ್ರೂ ಹೊಳೆದ್ರೆ ಅದನ್ನೂ ಹಾಕಿ. ಒಂದೇ ಷರತ್ತು: ಇಳಿಸಿದವನು ಸಾಲಿನೊಳಗೆ ಕಾಣಬೇಕು.

ಜೈ ಭೀಮ್.